ಅಮ್ಮ ಊರಲ್ಲಿಲ್ಲ, ಅಮ್ಮ ಊರಲ್ಲಿಲ್ಲ?

ತಾಲೀಮಿನ ಮೂರನೆಯ ದಿನ ನನ್ನ ಪಾಲಿಗೆ ಬಂದದ್ದು ಒಂದೇ ಮಾತು: ‘ಬಂದ್ಯಾ?’ ಎಂಟು ವರ್ಷದ ಮೇಲೆ ಊರಿಗೆ ಮರಳಿದ ಮಗ ಬಾಗಿಲಲ್ಲಿ ನಿಂತಿದ್ದಾನೆ. ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತ ಕೂತ ಮುದುಕ ತಲೆ ಎತ್ತಿ ಅಷ್ಟು ಹೇಳಬೇಕು. ಪ್ರತಿಯಲ್ಲಿ ಮಾತಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇತ್ತು. ನಾನು ಅದನ್ನು ನಂಬಿ ಕೊನೆಯ ‘ಆ’ಕಾರವನ್ನು ಚೆನ್ನಾಗಿ ಮೇಲಕ್ಕೆ ಎಳೆದೆ. ನಿರ್ದೇಶಕರು ಅಲ್ಲೇ ತಡೆದರು. ‘ಸ್ವಾಮಿ, ಅವನು ನಿಮ್ಮ ಕಣ್ಣೆದುರಿಗೇ ನಿಂತಿದಾನೆ. ಬಂದಿದಾನೋ ಇಲ್ವೋ ಅನ್ನೋ ಅನುಮಾನ ನಿಮಗೆ ಯಾಕೆ?’

ಮನೆಗೆ ಬಂದು ಯೋಚಿಸಿದರೆ ಅವರ ಮಾತು ಅಕ್ಷರಶಃ ಸರಿ. ನಮ್ಮ ಮನೆಗಳಲ್ಲಿ ಸಂಜೆ ಚಪ್ಪಲಿ ಬಿಟ್ಟು ಒಳಗೆ ಬಂದವರಿಗೆ ‘ಬಂದ್ಯಾ’ ಎನ್ನುತ್ತೇವಲ್ಲ, ಅದರಲ್ಲಿ ಪ್ರಶ್ನೆ ಎಲ್ಲಿದೆ? ದನಿ ಮೇಲಿಂದ ಕೆಳಕ್ಕೆ ಜಾರುತ್ತದೆ, ‘ಬಾ, ಕೈಕಾಲು ತೊಳಕೋ’ ಎಂಬುದು ಹಿಂದೆಯೇ ಬರುತ್ತದೆ. ಅದೇ ಮಾತನ್ನು ಅಡುಗೆಮನೆಯಿಂದ, ಬಾಗಿಲ ಸದ್ದು ಮಾತ್ರ ಕೇಳಿ ಕೂಗಿದಾಗ ದನಿ ಮೇಲೇರುತ್ತದೆ. ಆಗ ಅದು ನಿಜವಾದ ಪ್ರಶ್ನೆ. ಅಕ್ಷರ ಎರಡೂ ಕಡೆ ಒಂದೇ.

ಕನ್ನಡದ ವಾಕ್ಯಗಳ ಏರಿಳಿತ ಕಲಿಯುವವರು ಮೊದಲು ಗಮನಿಸಬೇಕಾದದ್ದು ಇದು. ಪ್ರಶ್ನೆ ಎಂದು ಸಾರುವ ಕೆಲಸವನ್ನು ನಮ್ಮಲ್ಲಿ ಒಂದು ಪ್ರತ್ಯಯವೇ ಮಾಡಿ ಮುಗಿಸಿಬಿಡುತ್ತದೆ. ಮೈಸೂರು ಕಡೆ ‘ಊಟ ಆಯ್ತಾ’, ಧಾರವಾಡದ ಕಡೆ ‘ಊಟ ಆತೇನು’, ಬರಹದಲ್ಲಿ ‘ಊಟ ಆಯಿತೇ’. ತಾಳೆಗರಿಯ ಬರಹದಲ್ಲಿ ಪ್ರಶ್ನಾರ್ಥಕ ಚಿಹ್ನೆಯೇ ಇರಲಿಲ್ಲ, ಅದು ಅಚ್ಚಿನ ಜೊತೆ ಬಂದ ಅತಿಥಿ. ಹೀಗೆ ‘ಆ’ಕಾರ ಪ್ರಶ್ನೆಯ ಹೊರೆ ಹೊತ್ತ ಮೇಲೆ ದನಿಗೆ ಬೇರೆ ಸಂಗತಿ ಹೇಳಲು ಬಿಡುವು ಸಿಗುತ್ತದೆ: ಕೇಳುವವನಿಗೆ ಉತ್ತರ ಗೊತ್ತಿದೆಯೋ ಇಲ್ಲವೋ, ಕೇಳಿದ್ದನ್ನು ನಂಬುತ್ತಾನೋ ಇಲ್ಲವೋ. ಹವ್ಯಾಸಿ ನಟರು ಎಡವುವುದು ಇಲ್ಲೇ. ‘ಆ’ಕಾರ ಕಂಡಲ್ಲೆಲ್ಲ ದನಿಯನ್ನೂ ಏರಿಸಿ, ಒಂದೇ ಕೆಲಸಕ್ಕೆ ಇಬ್ಬರು ಆಳುಗಳನ್ನು ಹಚ್ಚುತ್ತಾರೆ. ಕೆಲವು ಡಬ್ಬಿಂಗ್ ಜಾಹೀರಾತುಗಳನ್ನು ಕೇಳುವಾಗ ಆಗುವ ಕಿರಿಕಿರಿಯ ಮೂಲವೂ ಇದೇ ಎಂದು ನನ್ನ ಗುಮಾನಿ.

ದನಿಯ ಕೆಲಸವನ್ನಷ್ಟೇ ಬೇರ್ಪಡಿಸಿ ನೋಡಬೇಕಾದರೆ ಪ್ರತ್ಯಯವಿಲ್ಲದ ಸಾಲು ಬೇಕು. ಜೊತೆಗೆ ಇನ್ನೊಂದು ಷರತ್ತು. ಕ, ಚ, ತ, ಪ, ಸ ಇವುಗಳನ್ನು ಹೇಳುವಾಗ ಗಂಟಲಿನ ತಂತುಗಳು ಕಂಪಿಸುವುದಿಲ್ಲ. ಕಂಪನ ಇಲ್ಲದ ಕಡೆ ಸ್ಥಾಯಿಯೂ ಇಲ್ಲ. ‘ಪುಟ್ಟಕ್ಕ ಪೇಟೆಗೆ ಹೋದ್ಲು’ ಎಂಬ ಸಾಲಿನಲ್ಲಿ ದನಿಯ ಗೆರೆ ನಾಲ್ಕಾರು ಕಡೆ ತುಂಡಾಗುತ್ತದೆ, ಏರಿತೋ ಇಳಿಯಿತೋ ಎಂದು ಕಿವಿಗೂ ಗೊಂದಲ. ಮ, ನ, ಯ, ರ, ಲ, ವ ಮತ್ತು ಸ್ವರಗಳಷ್ಟೇ ಇರುವ ಸಾಲಾದರೆ ಗೆರೆ ಎಳೆದ ನೂಲಿನಂತೆ ಕಡೆಯವರೆಗೂ ಹರಿಯುತ್ತದೆ. ನಾನು ವರ್ಷಗಳಿಂದ ಬಳಸುತ್ತಿರುವ ಸಾಲು: ‘ಅಮ್ಮ ಊರಲ್ಲಿಲ್ಲ.’ ಆರೇ ಅಕ್ಷರ, ಎಲ್ಲೂ ಕತ್ತರಿಯಿಲ್ಲ.

ಮೊದಲು ಹೇಳಿಕೆ. ಪಕ್ಕದ ಮನೆಯವರು ಅಮ್ಮನನ್ನು ಕೇಳಿಕೊಂಡು ಬಂದಿದ್ದಾರೆ, ನೀವು ವಿಷಯ ತಿಳಿಸುತ್ತೀರಿ. ‘ಅಮ್ಮ’ ಎಂಬಲ್ಲಿ ದನಿ ತುಸು ಮೇಲೇಳುತ್ತದೆ. ಮಾತು ಇನ್ನೂ ಇದೆ ಎಂಬ ಸೂಚನೆ ಅದು. ‘ಊ’ ಹತ್ತಿರ ಇನ್ನೊಮ್ಮೆ ಸಣ್ಣ ಗುಡ್ಡ ಹತ್ತಿ, ಅಲ್ಲಿಂದ ‘ರಲ್ಲಿಲ್ಲ’ದ ಉದ್ದಕ್ಕೂ ಇಳಿಯುತ್ತದೆ. ನನ್ನ ದನಿಯ ನೆಲೆ ಸುಮಾರು 120 ಹರ್ಟ್ಸ್, ಅದನ್ನು ಷಡ್ಜ ಎಂದುಕೊಂಡರೆ ಸಾಲು ಮುಗಿಯುವುದು 90ರ ಆಸುಪಾಸು, ಅಂದರೆ ಮಂದ್ರ ಪಂಚಮದ ಹತ್ತಿರ. ಹೆಂಗಸರಲ್ಲಿ ನೆಲೆ 200 ಇದ್ದರೆ ಕೊನೆ 150ಕ್ಕೆ ಬರುತ್ತದೆ. ಅಂಕಿ ಬೇರೆ, ಇಳಿದ ದೂರ ಒಂದೇ. ಸ್ಥಾಯಿಯನ್ನು ಅಂಕಿಯಲ್ಲಿ ಅಳೆಯದೆ ಸ್ವರದ ಅಂತರದಲ್ಲಿ ಅಳೆಯಬೇಕು ಎನ್ನುವುದು ಇದಕ್ಕೇ. ಹಾಗೆಂದು ಶ್ರುತಿಪೆಟ್ಟಿಗೆ ಇಟ್ಟುಕೊಂಡು ಹೇಳಲು ಹೋಗಬೇಡಿ. ಹಾಡು ಸ್ವರದ ಮೇಲೆ ನಿಲ್ಲುತ್ತದೆ, ಮಾತು ಎಲ್ಲೂ ನಿಲ್ಲದೆ ಜಾರುತ್ತಲೇ ಇರುತ್ತದೆ. ನಿಂತರೆ ಹರಿಕಥೆಯಾಗುತ್ತದೆ.

ಎರಡನೆಯದು ಪ್ರಶ್ನೆ. ತಮ್ಮ ಫೋನಿನಲ್ಲಿ ಏನೋ ಹೇಳಿದ, ಸರಿಯಾಗಿ ಕೇಳಿಸಲಿಲ್ಲ. ಕೇಳಿಸಿದಷ್ಟನ್ನು ಖಾತ್ರಿ ಮಾಡಿಕೊಳ್ಳುತ್ತೀರಿ: ‘ಅಮ್ಮ ಊರಲ್ಲಿಲ್ಲ?’ ಇಲ್ಲಿ ಹೊಸಬರು ಮೊದಲ ಅಕ್ಷರದಿಂದಲೇ ಹತ್ತಲು ಶುರುಮಾಡುತ್ತಾರೆ. ಕೊನೆಗೆ ಬರುವಷ್ಟರಲ್ಲಿ ಗಂಟಲು ಬಿಗಿದು ಏರಲು ಜಾಗವೇ ಉಳಿದಿರುವುದಿಲ್ಲ. ಸಹಜವಾಗಿ ಮಾತಾಡುವಾಗ ‘ಅಮ್ಮ ಊರಲ್ಲಿ’ವರೆಗೆ ದನಿ ನೆಲೆಯ ಸುತ್ತಮುತ್ತಲೇ ಓಡಾಡಿಕೊಂಡಿರುತ್ತದೆ. ಏರುವುದು ಕಟ್ಟಕಡೆಯ ‘ಲ್ಲ’ದಲ್ಲಿ, ಒಂದೇ ನೆಗೆತಕ್ಕೆ: ನನ್ನ ದನಿಯಲ್ಲಿ 120ರಿಂದ 180ಕ್ಕೆ, ಷಡ್ಜದಿಂದ ಪಂಚಮಕ್ಕೆ. ಕೆಳಗೆ ಕಾದು ನಿಂತದ್ದರಿಂದಲೇ ಆ ನೆಗೆತ ಕಿವಿಗೆ ಬೀಳುತ್ತದೆ. ಆ ಕೊನೆಯ ಅಕಾರ ಹೇಳಿಕೆಯಲ್ಲಿದ್ದುದಕ್ಕಿಂತ ಕೊಂಚ ಉದ್ದವೂ ಆಗಿರುತ್ತದೆ. ಏರಲು ಹೊತ್ತು ಬೇಕಲ್ಲ.

ಈಗ ಪ್ರತ್ಯಯ ಸೇರಿಸಿ: ‘ಅಮ್ಮ ಊರಲ್ಲಿಲ್ವಾ?’ ದನಿ ಅರ್ಧ ಏರಿದರೂ ಸಾಕು, ಏರಿ ತುದಿಯಲ್ಲಿ ತುಸು ಬಾಗಿದರೂ ಸರಿ, ಪ್ರಶ್ನೆ ಪ್ರಶ್ನೆಯೇ. ನನ್ನ ‘ಬಂದ್ಯಾ’ ಕೆಟ್ಟದ್ದು ಹೇಗೆ ಎಂದು ಇಲ್ಲಿ ಕಾಣುತ್ತದೆ. ಯಾವ ಮಾತಿನ ಮೇಲೆ ಅನುಮಾನ ಎಂಬುದಕ್ಕೂ ಕನ್ನಡ ಪ್ರತ್ಯಯವನ್ನೇ ಎತ್ತಿ ಬೇರೆ ಕಡೆ ಇಡುತ್ತದೆ: ‘ಅಮ್ಮನಾ ಊರಲ್ಲಿಲ್ಲದೇ ಇರೋದು?’ ಆಗ ಎತ್ತರವೂ ಅದರ ಹಿಂದೆಯೇ ‘ಅಮ್ಮನಾ’ಕ್ಕೆ ಹೋಗುತ್ತದೆ, ಉಳಿದ ಭಾಗ ತಗ್ಗಿನಲ್ಲಿ ಹರಿದು ಮುಗಿಯುತ್ತದೆ.

ಯಾರು, ಏನು, ಎಲ್ಲಿ, ಯಾಕೆ ಇರುವ ಪ್ರಶ್ನೆಗಳ ದಾರಿ ಬೇರೆ. ‘ಅಮ್ಮ ಎಲ್ಲಿ ಇರೋದು?’ ಎಂಬಲ್ಲಿ ಎತ್ತರ ಇರುವುದು ‘ಎಲ್ಲಿ’ಯಲ್ಲಿ. ಅಲ್ಲಿಂದಾಚೆ ಹೇಳಿಕೆಯಂತೆಯೇ ಇಳಿಜಾರು. ಇದರ ತುದಿಯನ್ನು ಏರಿಸಿದಿರೋ, ‘ಎಲ್ಲಿ ಅಂದೆ, ಇನ್ನೊಂದ್ಸಲ ಹೇಳು’ ಎಂಬ ಅರ್ಥ ಬರುತ್ತದೆ. ತಾಲೀಮಿನಲ್ಲಿ ಇದನ್ನು ತಿದ್ದುವುದು ಸುಲಭ: ‘ಎಲ್ಲಿ’ ಮೇಲೆ ಪೆನ್ಸಿಲಿನಿಂದ ಒಂದು ಚುಕ್ಕೆ ಹಾಕಿ, ಕೊನೆಯ ಚಿಹ್ನೆಯನ್ನು ಉಜ್ಜಿ ಅಳಿಸಿ.

ಮೂರನೆಯದು ಅಚ್ಚರಿ, ನನ್ನ ಮಟ್ಟಿಗೆ ಅತಿ ಕಷ್ಟದ್ದು. ಮೊಣಕಾಲು ನೋವೆಂದು ಹತ್ತು ವರ್ಷದಿಂದ ಹೊಸಿಲು ದಾಟದ ಅಮ್ಮ. ಊರಿಗೆ ಹೋಗಿ ನೋಡಿದರೆ ಮನೆಗೆ ಬೀಗ. ‘ಅಮ್ಮ ಊರಲ್ಲಿಲ್ಲ!’ ಬಹಳ ಜನ ಇದನ್ನು ಜೋರಾಗಿ ಹೇಳಿದರೆ ಆಯಿತು ಎಂದುಕೊಳ್ಳುತ್ತಾರೆ. ಜೋರು ಮಾಡಿದ ಹೇಳಿಕೆ ಜೋರಾದ ಹೇಳಿಕೆಯಾಗುತ್ತದೆ ಅಷ್ಟೇ, ಕೇಳುವವರಿಗೆ ಸಿಟ್ಟು ಬಂದಂತೆ ಕಾಣುತ್ತದೆ. ಅಚ್ಚರಿಯಲ್ಲಿ ಬದಲಾಗುವುದು ದನಿಯ ಹರವು. ಹೇಳಿಕೆಯಲ್ಲಿ ಮೇಲಿನ ತುದಿಗೂ ಕೆಳಗಿನ ತುದಿಗೂ ಅಂತರ ಐದಾರು ಸ್ವರದ್ದಾದರೆ ಇಲ್ಲಿ ಒಂದು ಸ್ಥಾಯಿಯನ್ನೂ ಮೀರಬಹುದು. ‘ಊ’ ನನ್ನ ದನಿಯಲ್ಲಿ 240 ಮುಟ್ಟುತ್ತದೆ, ಅಂದರೆ ತಾರ ಷಡ್ಜ. ಆ ದೀರ್ಘ ಇನ್ನಷ್ಟು ಹಿಗ್ಗುತ್ತದೆ, ಆಮೇಲೆ ದನಿ ದೊಪ್ಪನೆ ಬೀಳುತ್ತದೆ. ನಂಬಲಾಗದ ಸಂಗತಿ ಊರಲ್ಲ, ಅಮ್ಮ ಎಂದಾದರೆ ಶಿಖರ ‘ಅಮ್ಮ’ದ ಮೇಲೆ ಕೂರಬೇಕು.

ಪ್ರಶ್ನೆ, ಅಚ್ಚರಿ ಎರಡರಲ್ಲೂ ದನಿ ಏರುತ್ತದಲ್ಲ, ಗುರುತು ಏನು ಎಂದು ತಂಡದ ಹುಡುಗಿಯೊಬ್ಬಳು ಕೇಳಿದಳು. ಏರಿದ ಜಾಗ ನೋಡು ಎಂದೆ. ತುದಿಯಲ್ಲಿ ಏರಿದರೆ ಮಾತು ಎದುರಿನವನ ಕಡೆಗೆ ತೆರೆದುಕೊಂಡು ಉತ್ತರಕ್ಕೆ ಕಾಯುತ್ತದೆ. ನಡುವೆ ಏರಿ ಬಿದ್ದರೆ ಅದಕ್ಕೆ ಉತ್ತರ ಬೇಕಿಲ್ಲ. ಎರಡೂ ಬೆರೆಯುವುದುಂಟು, ನಂಬಿಕೆಯಿಲ್ಲದೆ ಕೇಳುವಾಗ: ‘ಊ’ಗೆ ಒಮ್ಮೆ ಹತ್ತಿ, ಇಳಿದು, ತುದಿಯಲ್ಲಿ ಮತ್ತೆ ಹತ್ತುತ್ತದೆ. ಅದನ್ನು ಮೊದಲ ವಾರದಲ್ಲೇ ಹಿಡಿಯಲು ಹೋಗಬಾರದು.

ಅಭ್ಯಾಸಕ್ಕೆ ನಾನು ಬಳಸುವ ಕ್ರಮ ಸರಳ. ಮೂರು ಸಾಲುಗಳನ್ನೂ ಮೊದಲು ಬಾಯಿ ಮುಚ್ಚಿ ‘ಮ್’ಕಾರದಲ್ಲೇ ಗುನುಗುವುದು. ಗೋಡೆಯ ಕಡೆ ತಿರುಗಿ ಕೂತ ಜೊತೆಗಾರ ಕೇಳಿ, ಹೇಳಿಕೆಯೋ ಪ್ರಶ್ನೆಯೋ ಅಚ್ಚರಿಯೋ ಹೇಳಬೇಕು. ಹತ್ತರಲ್ಲಿ ಎಂಟು ಸಲ ಸರಿ ಹೇಳಿದರೆ ಮಾತಿಗೆ ಇಳಿಯಬಹುದು. ಮುಖ ಕಾಣಬಾರದು, ಹುಬ್ಬು ಹಾರಿಸಿ ಗೆಲ್ಲುವವರೇ ಹೆಚ್ಚು.

ಕಿವಿಯ ಮೇಲೆ ಭರವಸೆ ಇಲ್ಲದವರಿಗೆ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪೌಲ್ ಬೂರ್ಸ್ಮಾ ಮತ್ತು ಡೇವಿಡ್ ವೀನಿಂಕ್ ರೂಪಿಸಿದ Praat ಎಂಬ ಉಚಿತ ತಂತ್ರಾಂಶವಿದೆ. ಅದರಲ್ಲಿ `Record mono Sound...` ಒತ್ತಿ ಸಾಲನ್ನು ಹೇಳಿ, ಪಟ್ಟಿಗೆ ಉಳಿಸಿ, `View & Edit` ತೆರೆದರೆ ದನಿಯ ಸ್ಥಾಯಿ ನೀಲಿ ಗೆರೆಯಾಗಿ ಕಾಣುತ್ತದೆ. ಗಂಡಸಿನ ದನಿಗೆ 75ರಿಂದ 300, ಹೆಂಗಸಿನ ದನಿಗೆ 100ರಿಂದ 500 ಹರ್ಟ್ಸ್ ಎಂದು ಮಿತಿ ಹಾಕಿಕೊಳ್ಳಿ. ಒಂದು ಕಡೆ ಮಾತ್ರ ಗೆರೆಯನ್ನು ನಂಬಬೇಡಿ. ಹೇಳಿಕೆಯ ಕೊನೆಯಲ್ಲಿ ದನಿ ತೀರ ಕೆಳಗಿಳಿದು ಹಳೆ ಬಾಗಿಲಿನಂತೆ ಕಿರುಗುಟ್ಟುತ್ತದೆ. ಆಗ ಯಂತ್ರ ತಬ್ಬಿಬ್ಬಾಗಿ ಗೆರೆಯನ್ನು ತಟ್ಟನೆ ಎರಡು ಪಟ್ಟು ಮೇಲಕ್ಕೋ ಅರ್ಧಕ್ಕೋ ಹಾರಿಸುತ್ತದೆ. ತಂಡದ ಗೆಳೆಯರೊಬ್ಬರು ಇದನ್ನು ನೋಡಿ, ತಮ್ಮ ಹೇಳಿಕೆಗಳೆಲ್ಲ ಪ್ರಶ್ನೆಯಾಗುತ್ತಿವೆ ಎಂದು ಎರಡು ದಿನ ಕೊರಗಿದರು. ಗೆರೆ ಹಾರಿ, ಕಿವಿಗೆ ಹಾರಿದಂತೆ ಕೇಳದಿದ್ದರೆ ತಪ್ಪು ಯಂತ್ರದ್ದು.

ನನ್ನ ‘ಬಂದ್ಯಾ’ ಸರಿಯಾದದ್ದು ಆರನೆಯ ದಿನ. ಪಂಚಮದಿಂದ ಷಡ್ಜಕ್ಕೆ ಇಳಿಸಿ, ಅಡಿಕೆಯಿಂದ ಕಣ್ಣು ತೆಗೆಯದೆ ಹೇಳಿದೆ. ನಿರ್ದೇಶಕರು ಏನೂ ಅನ್ನದೆ ಮುಂದಿನ ಸಾಲಿಗೆ ಹೋದರು. ನೀವು ಇವತ್ತು ಸಂಜೆ ಮನೆಗೆ ಬರುವವರಿಗೆ ಹೇಗೆ ಹೇಳುತ್ತೀರೋ, ಫೋನಿನಲ್ಲಿ ಮುದ್ರಿಸಿಕೊಂಡು ಒಮ್ಮೆ ಕೇಳಿ ನೋಡಿ. ಮೊದಲೇ ಹೇಳಿ ಮುದ್ರಿಸಬೇಡಿ, ದನಿ ಎಚ್ಚೆತ್ತುಕೊಂಡುಬಿಡುತ್ತದೆ.