ಮೂವರು ಒಪ್ಪಿದರೆ ಸಾಕೇ?

ಚಾಟ್‌ಬಾಟ್ ಕನ್ನಡದಲ್ಲಿ ಕೊಡುವ ಉತ್ತರ ಹೇಗಿದೆ ಎಂದು ಕನ್ನಡಿಗರನ್ನೇ ಕೇಳಿ ಅಳೆದ ದೊಡ್ಡ ಪ್ರಯತ್ನಗಳಲ್ಲಿ 2024ರ ‘ಪರೀಕ್ಷಾ’ ಅಧ್ಯಯನ ಒಂದು. ಮೈಕ್ರೋಸಾಫ್ಟ್‌ನ ಸಂಶೋಧಕರು ಮತ್ತು ‘ಕಾರ್ಯ’ ಸಂಸ್ಥೆ ಸೇರಿ ಮಾಡಿದ ಈ ಕೆಲಸದಲ್ಲಿ ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಿವೆ, 30 ಮಾದರಿಗಳಿವೆ, ಮನುಷ್ಯರು ಮಾಡಿದ ಸುಮಾರು 90 ಸಾವಿರ ಮೌಲ್ಯಮಾಪನಗಳಿವೆ. ಎರಡು ಉತ್ತರಗಳನ್ನು ಅಕ್ಕಪಕ್ಕ ಇಟ್ಟು ಉತ್ತಮವಾದುದನ್ನು ಆರಿಸುವುದು ಒಂದು ವಿಧಾನ. ಒಂದೇ ಉತ್ತರಕ್ಕೆ ಅಂಕ ಕೊಡುವುದು ಇನ್ನೊಂದು. ಈ ಎರಡನೆಯದರಲ್ಲಿ ಮೂರು ಪ್ರಶ್ನೆಗಳು: ಭಾಷೆ ಸಹಜವಾಗಿದೆಯೇ, ಕೇಳಿದ ಕೆಲಸ ಆಗಿದೆಯೇ, ಇಲ್ಲದ್ದನ್ನು ಸೃಷ್ಟಿಸಿ ಹೇಳಿದೆಯೇ. ಮೊದಲೆರಡಕ್ಕೆ 0ಯಿಂದ 2ರವರೆಗೆ ಅಂಕ, ಮೂರನೆಯದಕ್ಕೆ ಹೌದು ಅಥವಾ ಇಲ್ಲ.

ಹೀಗೆ ಬೇರ್ಪಡಿಸಿದ್ದೇ ಈ ಅಂಕಪಟ್ಟಿಯ ದೊಡ್ಡ ಗುಣ. ಕಾರ್ಕಳದ ಗೊಮ್ಮಟನ ಬಗ್ಗೆ ಕೇಳಿದಾಗ ಯಂತ್ರವು ತಪ್ಪಿಲ್ಲದ ಕನ್ನಡದಲ್ಲಿ ‘ಚಾವುಂಡರಾಯ ಮಾಡಿಸಿದ್ದು’ ಎಂದು ಬರೆಯಿತು ಎಂದಿಟ್ಟುಕೊಳ್ಳೋಣ. ಅದು ಶ್ರವಣಬೆಳಗೊಳದ ಮೂರ್ತಿಯ ಸಂಗತಿ. ಕಾರ್ಕಳದ ಮೂರ್ತಿ 1432ರಲ್ಲಿ ವೀರಪಾಂಡ್ಯ ಸ್ಥಾಪಿಸಿದ್ದು. ಒಟ್ಟಾರೆ ಒಂದೇ ಅಂಕ ಕೇಳಿದ್ದರೆ ಹದವಾದ ಭಾಷೆ ಈ ತಪ್ಪನ್ನು ಮುಚ್ಚಿಬಿಡುತ್ತಿತ್ತು. ಮೂರು ಅಂಕಗಳಿರುವುದರಿಂದ ಭಾಷೆಗೆ 2 ಕೊಟ್ಟ ಕೈಯೇ ಮೂರನೆಯ ಪ್ರಶ್ನೆಗೆ ‘ಹೌದು’ ಎಂದು ಗುರುತು ಹಾಕಬಹುದು.

ಆದರೆ ಆ ಗುರುತು ಹಾಕಲು ವಿಷಯ ಗೊತ್ತಿರಬೇಕು. ಒಂದೇ ಉತ್ತರವನ್ನು ಮೂವರು ನೋಡಿದರು ಎನ್ನಿ. ಅವರಲ್ಲಿ ಕಾರ್ಕಳದವರೊಬ್ಬರು ತಪ್ಪನ್ನು ಥಟ್ಟನೆ ಹಿಡಿಯುತ್ತಾರೆ. ಉಳಿದಿಬ್ಬರು ಗೊತ್ತಿಲ್ಲದೆ ‘ಇಲ್ಲ’ ಎನ್ನುತ್ತಾರೆ. ಬಹುಮತ ತೆಗೆದುಕೊಂಡರೆ ಸರಿಯಾದವರೇ ಸೋಲುತ್ತಾರೆ. ಹೌದು, ಇಲ್ಲ ಎರಡೇ ಇರುವ ಕಡೆ ‘ಖಚಿತವಾಗಿ ಹೇಳಲಾರೆ’ ಎಂಬ ಮೂರನೆಯ ಮನೆಯೊಂದು ಬೇಕಿತ್ತು ಎಂಬುದು ನನ್ನ ಮೊದಲ ಆಕ್ಷೇಪ. ಅರೆಬರೆ ತಪ್ಪುಗಳದ್ದೂ ಇದೇ ಪಾಡು. ಕಾಪು ಬಳಿಯ ಮಟ್ಟುಗುಳ್ಳ ಬದನೆಯ ಊರು, ಅದಕ್ಕೆ ಸಿಕ್ಕ ಭೌಗೋಳಿಕ ಗುರುತು ಎರಡನ್ನೂ ಸರಿಯಾಗಿ ಹೇಳಿ, ಕಾಯಿ ಮಾತ್ರ ಉದ್ದ ಮತ್ತು ನೇರಳೆ ಬಣ್ಣದ್ದು ಎಂದರೆ ಏನು ಗುರುತು ಹಾಕುವುದು? ಮಟ್ಟುಗುಳ್ಳ ದುಂಡಗೆ, ತಿಳಿಹಸಿರು. ಒಂದು ತಪ್ಪಿದ್ದರೂ ‘ಹೌದು’ ಎಂದು ನಿಯಮದಲ್ಲಿ ಉದಾಹರಣೆ ಸಮೇತ ಬರೆದಿಡದಿದ್ದರೆ ಕಟ್ಟುನಿಟ್ಟಿನವರು ಒಂದು ಕಡೆ, ಉದಾರಿಗಳು ಇನ್ನೊಂದು ಕಡೆ ನಿಲ್ಲುತ್ತಾರೆ.

ಭಾಷೆಯ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಉಡುಪಿ ಕಡೆ ಬಹಳ ಮಂದಿಗೆ ಮನೆಮಾತು ತುಳು ಅಥವಾ ಕೊಂಕಣಿ. ಕನ್ನಡವನ್ನು ಶಾಲೆ, ಪತ್ರಿಕೆ, ಯಕ್ಷಗಾನಗಳಿಂದ ಪಡೆದವರ ಮಾತು ಬರವಣಿಗೆಗೆ ಹತ್ತಿರ. ‘ಮಾಡುತ್ತೇನೆ’, ‘ಹೋಗಬೇಕು’ ಎಂಬ ಉತ್ತರ ಅವರಿಗೆ ದಿನನಿತ್ಯದ್ದೇ, 2 ಅಂಕ. ಮಣಿಪಾಲದಲ್ಲಿ ಓದುವ ಹುಬ್ಬಳ್ಳಿಯ ವಿದ್ಯಾರ್ಥಿಗೆ ಅದೇ ಉತ್ತರ ಪುಸ್ತಕ ಓದಿದಂತೆ ಕೇಳಿ, 1 ಬೀಳಬಹುದು. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ಕನ್ನಡಿಗರು. ಇಲ್ಲಿನ ಭಿನ್ನಮತವನ್ನು ತರಬೇತಿಯಿಂದ ಅಳಿಸಬಾರದು. ವ್ಯಾಕರಣ ದೋಷ ಮತ್ತು ಶೈಲಿ ಎರಡನ್ನೂ ಬೇರೆ ಬೇರೆ ಕೇಳಿ, ಮೌಲ್ಯಮಾಪಕರ ಜಿಲ್ಲೆಯನ್ನೂ ದಾಖಲಿಸಿದರೆ ಯಾವುದು ಗೊಂದಲ, ಯಾವುದು ಪ್ರಾದೇಶಿಕ ಭೇದ ಎಂದು ಬಿಡಿಸಿ ನೋಡಬಹುದು.

ಇನ್ನು ಒಪ್ಪಿಗೆಯ ಲೆಕ್ಕ. ಶೇಕಡಾವಾರು ಒಪ್ಪಿಗೆಯಲ್ಲಿ ಆಕಸ್ಮಿಕ ಹೊಂದಾಣಿಕೆಯೂ ಸೇರಿಕೊಳ್ಳುತ್ತದೆ. ಅದನ್ನು ಕಳೆಯಲು 1960ರಲ್ಲಿ ಜೇಕಬ್ ಕೋಹೆನ್ ‘ಕಪ್ಪಾ’ ಎಂಬ ಅಳತೆಯನ್ನು ಕೊಟ್ಟರು. ಅದು ಇಬ್ಬರಿಗೆ, ಹೆಚ್ಚು ಜನರಿದ್ದರೆ ಬಳಸುವುದು 1971ರ ಫ್ಲೀಸ್ ಅವರ ರೂಪ. ‘ಪರೀಕ್ಷಾ’ ಬಳಸಿದ್ದು ಇದನ್ನೇ, ಶೇಕಡಾವಾರಿನ ಜೊತೆಗೆ. ಎರಡನ್ನೂ ಕೊಟ್ಟದ್ದು ಸರಿ. ಏಕೆಂದರೆ ಒಂದನ್ನೇ ನೋಡಿದರೆ ಮೋಸಹೋಗುತ್ತೇವೆ.

ಇಬ್ಬರು 100 ಉತ್ತರ ನೋಡಿದರು ಎನ್ನಿ. 90 ಉತ್ತರಗಳಿಗೆ ಇಬ್ಬರೂ ‘ತಪ್ಪು ಮಾಹಿತಿ ಇಲ್ಲ’ ಎಂದರು, 2ಕ್ಕೆ ಇಬ್ಬರೂ ‘ಇದೆ’ ಎಂದರು. ಉಳಿದ 8ರಲ್ಲಿ ತಲಾ ನಾಲ್ಕು ಕಡೆ ಒಬ್ಬರಿಗೆ ಮಾತ್ರ ತಪ್ಪು ಕಂಡಿತು. ಒಪ್ಪಿಗೆ 92 ಶೇಕಡಾ. ಆದರೆ ಇಬ್ಬರೂ ನೂರರಲ್ಲಿ 94 ಬಾರಿ ‘ಇಲ್ಲ’ ಎನ್ನುವವರಾದ್ದರಿಂದ ಕಣ್ಣುಮುಚ್ಚಿ ಗುರುತು ಹಾಕಿದರೂ ಸುಮಾರು 88.7 ಶೇಕಡಾ ಹೊಂದುತ್ತದೆ.

```
(0.92 - 0.887) / (1 - 0.887) ≈ 0.29
```

ಕಪ್ಪಾ ಬರೀ 0.29. ಅದೇ 92 ಶೇಕಡಾ ಒಪ್ಪಿಗೆ, ‘ಇದೆ’ ಮತ್ತು ‘ಇಲ್ಲ’ ಸಮಸಮ ಇದ್ದಾಗ 0.84 ಆಗುತ್ತದೆ. ಮೊದಲ ಅಂಕಿ ನೋಡಿ ಮೌಲ್ಯಮಾಪಕರೇ ಕೆಟ್ಟವರು ಎನ್ನುವುದು ಅನ್ಯಾಯ. ಎಲ್ಲ ಸರಿಯಿದೆ ಎನ್ನುವುದೂ ತಪ್ಪು. ‘ಇದೆ’ ಎಂದು ಒಬ್ಬರಾದರೂ ಹೇಳಿದ 10 ಉತ್ತರಗಳಲ್ಲಿ ಒಮ್ಮತ ಇದ್ದದ್ದು ಎರಡರಲ್ಲಿ ಮಾತ್ರ.

ಇನ್ನೊಂದು ಸಂಗತಿ. ಫ್ಲೀಸ್ ಕಪ್ಪಾಕ್ಕೆ ಅಂಕಗಳ ಏರಿಳಿತ ತಿಳಿಯದು. ಒಬ್ಬರು 2, ಇನ್ನೊಬ್ಬರು 1 ಕೊಟ್ಟದ್ದನ್ನೂ 2 ಮತ್ತು 0 ಕೊಟ್ಟದ್ದನ್ನೂ ಒಂದೇ ಜಗಳವೆಂದು ಎಣಿಸುತ್ತದೆ. 0–2ರ ಅಳತೆಗೆ ಕ್ರಿಪೆನ್‌ಡಾರ್ಫ್ ಅವರ ಆಲ್ಫಾ, ಅದರ ಕ್ರಮಸೂಚಕ ರೂಪದಲ್ಲಿ, ಹೆಚ್ಚು ಹೊಂದುತ್ತಿತ್ತು. ಮೂವರಲ್ಲಿ ಒಬ್ಬರ ಅಂಕ ಇಲ್ಲದಿದ್ದರೂ ಅದು ಲೆಕ್ಕ ಕೊಡುತ್ತದೆ. ಹಾಗಾಗಿ ‘ಖಚಿತವಾಗಿ ಹೇಳಲಾರೆ’ ಎಂದವರನ್ನು ಬಿಟ್ಟು ಉಳಿದವರ ಒಪ್ಪಿಗೆಯನ್ನು ಅಳೆಯಲು ಅಡ್ಡಿಯಿಲ್ಲ.