‘ಗಳ’ ಕಳಚಿಕೊಂಡ ಶೀರ್ಷಿಕೆ

ಸಂಶೋಧನಾ ತ್ರೈಮಾಸಿಕವೊಂದಕ್ಕೆ ಬರುವ ಲೇಖನಗಳನ್ನು ಮೊದಲು ತೆರೆದು ನೋಡುವ ಕೆಲಸ ನನ್ನದು. ಬರುವ ಮೇಲ್‌ಗಳನ್ನು ಓದಿ, ದಾಖಲಿಸಿ, ಸಂಪಾದಕರ ಮುಂದಿಡುತ್ತೇನೆ. ಹೆಚ್ಚಿನವು ಕಣ್ಣಿಗೆ ಬಿದ್ದು ಮರೆತುಹೋಗುತ್ತವೆ. ಒಂದನ್ನು ಮಾತ್ರ ಅಳಿಸಲು ಮನಸ್ಸಾಗದೆ ಬೇರೆಯಾಗಿ ಇಟ್ಟುಕೊಂಡಿದ್ದೇನೆ. ಅದು ತಿದ್ದುಪಡಿಯ ಪತ್ರ. ಅದೇ ಲೇಖಕಿ ನಾಲ್ಕು ದಿನ ಮೊದಲು ಕಳಿಸಿದ್ದ ಲೇಖನದ ಜಾಗಕ್ಕೆ ಬಂದದ್ದು.

ಪತ್ರ ಹೀಗಿದೆ:

“ವಿಷಯ: ತಿದ್ದಿದ ಪ್ರತಿ – ಬೇಗೂರಿನ ಶಾಸನದಲ್ಲಿ ಬೆಂಗಳೂರಿನ ಹೆಸರು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮಾರ್ಚ್ 4ರಂದು ‘ಬೇಗೂರಿನ ಶಾಸನಗಳಲ್ಲಿ ಬೆಂಗಳೂರಿನ ಹೆಸರು’ ಎಂಬ ಶೀರ್ಷಿಕೆಯಲ್ಲಿ ಕಳಿಸಿದ ಲೇಖನವನ್ನು ದಯವಿಟ್ಟು ಕೈಬಿಟ್ಟು, ಇದನ್ನು ಪರಿಗಣಿಸಬೇಕೆಂದು ಕೋರುತ್ತೇನೆ. ಹೆಸರು ಬರುವುದು ಒಂದೇ ಕಲ್ಲಿನಲ್ಲಿ. ಆದ್ದರಿಂದ ಬಹುವಚನ ತಪ್ಪು. ವಸ್ತುಸಂಗ್ರಹಾಲಯದಲ್ಲಿರುವ ಇನ್ನೊಂದು ಕಲ್ಲಿನ ಚಿತ್ರವನ್ನೂ ತೆಗೆದಿದ್ದೇನೆ. ಚಿತ್ರಗಳು ನಾಲ್ಕಲ್ಲ, ಮೂರು. ಇವೆರಡರ ಹೊರತು ಲೇಖನದಲ್ಲಿ ಬೇರೆ ಬದಲಾವಣೆ ಇಲ್ಲ.

ಲಗತ್ತಿಸಿರುವ ಫೈಲ್‌ಗಳು ಐದು: ಲೇಖನ ವರ್ಡ್‌ನಲ್ಲಿ (ಯೂನಿಕೋಡ್) ಮತ್ತು ಪಿಡಿಎಫ್‌ನಲ್ಲಿ, ಚಿತ್ರಗಳು ಮೂರು.”

ಕೆಳಗೆ ಹೆಸರು, ಊರು, ದೂರವಾಣಿ. ಅಷ್ಟೇ.

ಮೊದಲ ಸಲ ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಹೆಸರು ಬರುವುದು ಒಂದೇ ಕಲ್ಲಿನಲ್ಲಿ’ ಎಂಬ ಮಾತು. ಬೇಗೂರಿನ ಕಲ್ಲುಗಳನ್ನು ಬಲ್ಲವರಿಗೆ ಇದರ ತೂಕ ಗೊತ್ತು. ಗಂಗರ ಕಾಲದ ನಾಗತ್ತರನ ಯುದ್ಧವನ್ನು ಕೆತ್ತಿದ ದೊಡ್ಡ ವೀರಗಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ ಕುದುರೆಗಳ ಆ ಗದ್ದಲವನ್ನು ನೋಡಿದವರು ಮರೆಯಲಾರರು. ಆದರೆ ಬೆಂಗಳೂರ ಕಾಳಗವನ್ನು ಹೆಸರಿಸುವುದು ಅದಲ್ಲ. ಸುಮಾರು 890ರದ್ದೆಂದು ವಿದ್ವಾಂಸರು ಹೇಳುವ, ಬೇಗೂರಿನ ದೇವಾಲಯದ ಆವರಣದಲ್ಲಿರುವ ಬೇರೊಂದು ಕಲ್ಲು. ಒಂದು ‘ಗಳ’ ಉಳಿದುಬಿಟ್ಟಿದ್ದರೆ, ವಸ್ತುಸಂಗ್ರಹಾಲಯದ ಕಲ್ಲಿನಲ್ಲೂ ಬೆಂಗಳೂರಿದೆ ಎಂದು ಓದುಗ ನಂಬುತ್ತಿದ್ದ. ಪಕ್ಕದಲ್ಲೇ ಅದರ ಚಿತ್ರವಿದ್ದರಂತೂ ಸಂಶಯವೇ ಬರುತ್ತಿರಲಿಲ್ಲ. ಶೀರ್ಷಿಕೆ ತಿದ್ದಿದವರು ಚಿತ್ರವನ್ನೂ ಕೈಬಿಟ್ಟರು, ಚಿತ್ರದ ಲೆಕ್ಕವನ್ನೂ ತಿದ್ದಿದರು. ಮೂರೂ ಒಂದೇ ತಪ್ಪಿನ ಕವಲುಗಳೆಂದು ಅವರಿಗೆ ಕಂಡಿತ್ತು.

ಆಮೇಲೆ ಅಟ್ಯಾಚ್‌ಮೆಂಟ್‌ಗಳನ್ನು ಒಂದೊಂದಾಗಿ ತೆರೆದೆ. ನನ್ನ ಸಂತೋಷ ಇಮ್ಮಡಿಸಿದ್ದು ಅಲ್ಲಿ. ಶೀರ್ಷಿಕೆ ಬದಲಾದಾಗ ಅದು ಎಷ್ಟು ಕಡೆ ಅಡಗಿ ಕೂತಿರುತ್ತದೆ ಎಂಬುದು ಬರೆದವರಿಗೆ ತಟ್ಟನೆ ನೆನಪಾಗುವುದಿಲ್ಲ. ಮೇಲ್‌ನ ವಿಷಯದ ಸಾಲಿನಲ್ಲಿದೆ, ಪತ್ರದೊಳಗಿದೆ, ಲೇಖನದ ಮೊದಲ ಪುಟದಲ್ಲಿದೆ. ಇಷ್ಟನ್ನು ಎಲ್ಲರೂ ತಿದ್ದುತ್ತಾರೆ. ಪ್ರತಿ ಪುಟದ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ಓಡುವ ಶೀರ್ಷಿಕೆಯನ್ನು ಅರ್ಧದಷ್ಟು ಜನ ಮರೆಯುತ್ತಾರೆ. ಸಾರಾಂಶದ ಮೊದಲ ವಾಕ್ಯವನ್ನು ಅದಕ್ಕಿಂತ ಹೆಚ್ಚು ಜನ ಮರೆಯುತ್ತಾರೆ, ಏಕೆಂದರೆ ಅಲ್ಲಿ ಶೀರ್ಷಿಕೆ ಶೀರ್ಷಿಕೆಯಾಗಿ ಕಾಣದೆ ಮಾತಿನೊಳಗೆ ಬೆರೆತಿರುತ್ತದೆ. ಇವರ ಸಾರಾಂಶ ‘ಬೇಗೂರಿನ ಶಾಸನದಲ್ಲಿ’ ಎಂದೇ ಶುರುವಾಗುತ್ತಿತ್ತು. ಇಂಗ್ಲಿಷ್ ಶೀರ್ಷಿಕೆಯ ಬಹುವಚನವೂ ಹೋಗಿತ್ತು.

ಇನ್ನೂ ಒಂದು ಜಾಗವಿದೆ, ಪುಟದಲ್ಲೆಲ್ಲೂ ಕಾಣದ್ದು. ವರ್ಡ್ ಫೈಲಿನ ಪ್ರಾಪರ್ಟೀಸ್‌ನಲ್ಲಿ ‘ಟೈಟಲ್’ ಎಂಬ ಒಂದು ಖಾನೆ. ಒಮ್ಮೆ ಅಲ್ಲಿ ಹಳೆಯ ಹೆಸರು ಕೂತರೆ, ಪುಟದ ಮೇಲೆ ಎಷ್ಟು ತಿದ್ದಿದರೂ ಅದು ಕದಲುವುದಿಲ್ಲ. ಅದರಿಂದ ಪಿಡಿಎಫ್ ಮಾಡಿದರೆ ಹಳೆಯ ಹೆಸರೂ ಜೊತೆಗೆ ಬರುತ್ತದೆ. ಪಿಡಿಎಫ್ ಅನ್ನು ಬ್ರೌಸರ್‌ನಲ್ಲಿ ತೆರೆದು, ಮೇಲಿನ ಟ್ಯಾಬ್ ಮೇಲೆ ಏನು ಬರೆದಿದೆ ಎಂದು ನೋಡಿದರೆ ಪತ್ತೆಯಾಗುತ್ತದೆ. ಪುಟದಲ್ಲಿ ಒಂದು ಶೀರ್ಷಿಕೆ, ಟ್ಯಾಬ್‌ನಲ್ಲಿ ಇನ್ನೊಂದು ಇರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಈ ಸಲ ಟ್ಯಾಬ್ ಕಡೆಗೆ ಕಣ್ಣು ಹಾಯಿಸಿದಾಗ ಅಲ್ಲಿಯೂ ‘ಶಾಸನದಲ್ಲಿ’ ಎಂದೇ ಇತ್ತು. ಯಾರೂ ನೋಡದ ಮೂಲೆಯನ್ನೂ ಗುಡಿಸಿದ ಮನೆಗೆ ಕಾಲಿಟ್ಟ ಹಾಗಾಯಿತು.

ಫೈಲುಗಳ ಹೆಸರನ್ನೂ ನೋಡಿ. ಮೊದಲು ಬಂದದ್ದು `Begur_Shasanagalu.docx`. ಈಗಿನದು `Begur_Shasana_2.docx`, ಅದರ ಜೊತೆಗೆ `Begur_Shasana_2.pdf`. ‘ಫೈನಲ್’ ಎಂದಿಲ್ಲ, ‘ಲೇಟೆಸ್ಟ್’ ಎಂದಿಲ್ಲ. ಆ ಮಾತುಗಳು ಎರಡನೆಯ ಸಲ ತಿದ್ದಿದ ಕೂಡಲೇ ಸುಳ್ಳಾಗುತ್ತವೆ. ‘2’ ಎಂಬ ಅಂಕಿ ಸುಳ್ಳಾಗುವುದಿಲ್ಲ. ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಇಟ್ಟದ್ದೂ ಅನುಭವದ ಮಾತೇ. ಕನ್ನಡದಲ್ಲಿ ಹೆಸರಿಟ್ಟ ಫೈಲುಗಳು ಕೆಲವೊಮ್ಮೆ ದಾರಿಯಲ್ಲಿ ಬರೀ ಅಡ್ಡಗೆರೆಗಳಾಗಿ ಬಂದು ಸೇರುತ್ತವೆ. ‘ಯೂನಿಕೋಡ್’ ಎಂದು ಆವರಣದಲ್ಲಿ ಹೇಳಿದ ಒಂದು ಪದಕ್ಕೂ ನಾನು ಋಣಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಲೇಖನ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ. ಆಗ ಜೊತೆಗಿರುವ ಪಿಡಿಎಫ್ ಒಂದೇ ಆಧಾರ. ಇವರು ಎರಡನ್ನೂ ಕೊಟ್ಟಿದ್ದರು. ಒತ್ತಕ್ಷರ ಎಲ್ಲಾದರೂ ಕದಲಿದೆಯೇ ಎಂದು ಪಕ್ಕಪಕ್ಕ ಇಟ್ಟು ನೋಡಬಹುದಿತ್ತು.

ಅವರು ಇನ್ನೊಂದು ಎಡವಟ್ಟನ್ನೂ ದಾಟಿದ್ದಾರೆ. ತಿದ್ದುಪಡಿ ಕಳಿಸುವಾಗ ಬಹಳ ಜನ ತಮ್ಮ ಹಳೆಯ ಮೇಲನ್ನೇ ಫಾರ್ವರ್ಡ್ ಮಾಡಿ, ಹೊಸ ಫೈಲು ಸೇರಿಸಿ ಕಳಿಸುತ್ತಾರೆ. ಫಾರ್ವರ್ಡ್ ಮಾಡಿದಾಗ ಹಳೆಯ ಅಟ್ಯಾಚ್‌ಮೆಂಟ್ ತಾನಾಗಿಯೇ ಜೊತೆಗೆ ಬರುತ್ತದೆ. ನಮ್ಮ ಕೈಗೆ ಎರಡು ಲೇಖನ ಸಿಗುತ್ತವೆ, ಯಾವುದು ಸರಿಯೆಂದು ಕೇಳಿ ಮತ್ತೆ ಬರೆಯಬೇಕು. ಹಳೆಯ ಮೇಲಿಗೇ ಉತ್ತರವಾಗಿ ಬರೆದರೆ ವಿಷಯದ ಸಾಲಿನಲ್ಲಿ ಹಳೆಯ ಶೀರ್ಷಿಕೆಯೇ ಉಳಿಯುತ್ತದೆ. ಆರು ತಿಂಗಳ ನಂತರ ಹೊಸ ಹೆಸರಿನಿಂದ ಹುಡುಕುವವರ ಕಣ್ಣಿಗೆ ಮೊದಲು ಬೀಳುವುದು ಆ ತಪ್ಪು ಹೆಸರು. ಇವರು ಹೊಸ ಮೇಲನ್ನೇ ಬರೆದರು, ವಿಷಯದಲ್ಲಿ ಹೊಸ ಶೀರ್ಷಿಕೆ ಇಟ್ಟರು, ಹಳೆಯದರ ದಾರಿ ತಪ್ಪದಂತೆ ದಿನಾಂಕವನ್ನೂ ಹಳೆಯ ಹೆಸರನ್ನೂ ಒಳಗೆ ಹೇಳಿದರು. ಹೀಗಾಗಿ ಎರಡು ಹೆಸರುಗಳಲ್ಲಿ ಯಾವುದರಿಂದ ಹುಡುಕಿದರೂ ಈ ಪತ್ರ ಸಿಗುತ್ತದೆ.

ನನಗೆ ಅತ್ಯಂತ ಪ್ರಿಯವಾದ ವಾಕ್ಯ ಇದು: ‘ಇವೆರಡರ ಹೊರತು ಲೇಖನದಲ್ಲಿ ಬೇರೆ ಬದಲಾವಣೆ ಇಲ್ಲ.’ ಹೀಗೆ ಬರೆಯಬೇಕಾದರೆ ಲೇಖನವನ್ನು ಮತ್ತೊಮ್ಮೆ ಮೊದಲಿನಿಂದ ಕೊನೆಯವರೆಗೆ ಓದಿರಬೇಕು. ನಿಜವೇ ಎಂದು ನಾನು ಪರೀಕ್ಷಿಸಿದೆ. ವರ್ಡ್‌ನ ಕಂಪೇರ್ ಸೌಲಭ್ಯದಲ್ಲಿ ಹಳೆಯ ಪ್ರತಿಯನ್ನೂ ಹೊಸದನ್ನೂ ಇಟ್ಟಾಗ ಕೆಂಪು ಗುರುತು ಕಂಡದ್ದು ಶೀರ್ಷಿಕೆ ಇರುವ ಕಡೆಗಳಲ್ಲಿ, ತೆಗೆದ ಚಿತ್ರದ ಜಾಗದಲ್ಲಿ ಮತ್ತು ‘ಚಿತ್ರ 4’ ಎಂದಿದ್ದುದು ‘ಚಿತ್ರ 3’ ಆದ ಒಂದು ಸಾಲಿನಲ್ಲಿ ಮಾತ್ರ. ಚಿತ್ರದ ಕ್ರಮಸಂಖ್ಯೆ ಬದಲಾದದ್ದನ್ನು ಪತ್ರದಲ್ಲಿ ಬೇರೆಯಾಗಿ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಒಂದು ಚಿತ್ರ ಹೋದರೆ ಅದರ ಹಿಂದಿನದು ಮುಂದೆ ಬರಲೇಬೇಕು.

ಸಂಚಿಕೆಯ ಪರಿವಿಡಿ ಸಿದ್ಧಪಡಿಸುವ ದಿನ ಆ ಮೇಲನ್ನು ತೆರೆದು, ವಿಷಯದ ಸಾಲಿನಿಂದ ಶೀರ್ಷಿಕೆಯನ್ನು ಎತ್ತಿ ಪರಿವಿಡಿಯಲ್ಲಿ ಇಟ್ಟೆ. ಲೇಖನದ ಮೊದಲ ಪುಟದ ಜೊತೆ ಅಕ್ಷರ ಅಕ್ಷರವಾಗಿ ಹೋಲಿಸಿದೆ. ನಾನು ಒಂದು ಅಕ್ಷರವನ್ನೂ ಟೈಪ್ ಮಾಡಬೇಕಾಗಲಿಲ್ಲ.