ಕಾವಲಿನ ದನ, ಕಿವಿಯ ಚಿಪ್ಪು

ಜಾನುವಾರುಗಳ ಕಿವಿಗೆ ಹಾಕುವ ಚಿಪ್ ಓಲೆಗೆ ನಮ್ಮಲ್ಲಿ ಅದರ ಯೋಗ್ಯತೆಗೆ ಮೀರಿದ ಕೀರ್ತಿ ಬಂದಿದೆ. ಓಲೆ ಹಾಕಿಬಿಟ್ಟರೆ ದನ ಎಲ್ಲಿ ಮೇಯುತ್ತಿದೆ, ಯಾರು ಹೊಡೆದುಕೊಂಡು ಹೋದರು ಎಂಬುದೆಲ್ಲ ಕಚೇರಿಯಲ್ಲಿ ಕೂತೇ ತಿಳಿಯುತ್ತದೆ ಎಂದು ನಂಬುವವರಿದ್ದಾರೆ. ಈ ನಂಬಿಕೆಯನ್ನು ಒರೆಗೆ ಹಚ್ಚಲು ಅಜ್ಜಂಪುರ, ತರೀಕೆರೆ, ಕಡೂರಿನ ಅಮೃತಮಹಲ್ ಕಾವಲುಗಳಿಗಿಂತ ತಕ್ಕ ಜಾಗ ಇನ್ನೊಂದಿಲ್ಲ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆದ ಕಥೆ ಇಲ್ಲಿನ ಓದುಗರಿಗೆ ಹೊಸದಲ್ಲ. ನಮಗೆ ಬೇಕಾದದ್ದು ಇಷ್ಟು: ಈ ದನ ಕೊಟ್ಟಿಗೆಯಲ್ಲಿ ಕಟ್ಟಿ ಸಾಕಿದ್ದಲ್ಲ, ಬಯಲಲ್ಲಿ ಮೇಯುವಂಥದ್ದು, ಅಪರಿಚಿತರನ್ನು ಹತ್ತಿರ ಸೇರಿಸದ್ದು. ಇನ್ನೊಂದು ಗೊಂದಲವನ್ನೂ ಮೊದಲೇ ಕಳೆದುಕೊಳ್ಳಬೇಕು. ಪಶು ಆಧಾರ್ ಹೆಸರಲ್ಲಿ ದೇಶದುದ್ದಕ್ಕೂ ಹಾಕಿರುವ ಹಳದಿ ಓಲೆಯಲ್ಲಿ ಸಾಮಾನ್ಯವಾಗಿ ಇರುವುದು 12 ಅಂಕಿಯ ಸಂಖ್ಯೆ ಮತ್ತು ಬಾರ್‌ಕೋಡ್, ಚಿಪ್ ಅಲ್ಲ. ಅದನ್ನು ಕಣ್ಣಿನಿಂದಲೋ ಮೊಬೈಲ್ ಕ್ಯಾಮೆರಾದಿಂದಲೋ ಓದುತ್ತಾರೆ. ಅಂದರೆ ಚಿಪ್ಪಿಗೆ ಸಲ್ಲುತ್ತಿರುವ ಹೊಗಳಿಕೆಯ ಒಂದು ಪಾಲು ಚಿಪ್ಪೇ ಇಲ್ಲದ ಓಲೆಗೆ ಸಲ್ಲುತ್ತಿದೆ.

ನಿಜವಾದ ಚಿಪ್ ಓಲೆಯೊಳಗೆ ಬ್ಯಾಟರಿ ಇಲ್ಲ. ಅದರ ಶಕ್ತಿಯೂ ಮಿತಿಯೂ ಈ ಒಂದೇ ಸಂಗತಿಯಲ್ಲಿವೆ. ತೆಳು ತಾಮ್ರದ ತಂತಿಯ ಒಂದು ಸುರುಳಿ, ಒಂದು ಕೆಪಾಸಿಟರ್, ಸಾಸಿವೆಗಿಂತ ಚಿಕ್ಕ ಚಿಪ್, ಅದರಲ್ಲೊಂದು ಸಂಖ್ಯೆ, ಅಷ್ಟೇ. ರೀಡರಿನಲ್ಲೂ ಒಂದು ಸುರುಳಿಯಿದೆ. ಅದರಲ್ಲಿ ಸೆಕೆಂಡಿಗೆ 1,34,200 ಬಾರಿ ಹೋಗಿ ಮರಳುವ ವಿದ್ಯುತ್ ಹರಿಯುತ್ತದೆ. ಜಾನುವಾರು ಓಲೆಗಳಿಗೆ ಅಂತರರಾಷ್ಟ್ರೀಯ ಮಾನದಂಡ ಗೊತ್ತುಮಾಡಿರುವ 134.2 ಕಿಲೋಹರ್ಟ್ಸ್ ಎಂದರೆ ಇದೇ. ರೀಡರಿನ ಸುತ್ತ ಹುಟ್ಟುವ ಕಾಂತಕ್ಷೇತ್ರ ಓಲೆಯ ಸುರುಳಿಯನ್ನು ಹಾಯ್ದಾಗ ಅಲ್ಲೊಂದು ಪುಟ್ಟ ವೋಲ್ಟೇಜ್ ಹುಟ್ಟುತ್ತದೆ. ಕೆಪಾಸಿಟರಿನ ಜೊತೆ ಶ್ರುತಿಗೂಡಿದ್ದರಿಂದ ಅದು ಹಿಗ್ಗುತ್ತದೆ, ಡಯೋಡು ಅದನ್ನು ಒಮ್ಮುಖ ವಿದ್ಯುತ್ತಾಗಿ ಮಾಡಿ ಚಿಪ್ಪನ್ನು ಎಬ್ಬಿಸುತ್ತದೆ. ಎದ್ದ ಚಿಪ್ ಉತ್ತರ ಕೊಡಲು ಸಾಮಾನ್ಯವಾಗಿ ತಾನೇ ಏನನ್ನೂ ಪ್ರಸಾರ ಮಾಡುವುದಿಲ್ಲ. ತನ್ನ ಸುರುಳಿಯ ಮೇಲಿನ ಹೊರೆಯನ್ನು ಸಂಖ್ಯೆಯ ತಾಳಕ್ಕೆ ಏರಿಸಿ ಇಳಿಸುತ್ತದೆ. ಅದರಿಂದ ರೀಡರಿನ ಸುರುಳಿಯಲ್ಲಿ ಆಗುವ ಅತಿ ಸಣ್ಣ ಏರಿಳಿತವನ್ನು ರೀಡರ್ ಹೆಕ್ಕಿ ಓದುತ್ತದೆ. ಒಮ್ಮೆ ಪೂರ್ತಿ ಸಂಖ್ಯೆ ಹೇಳಲು ಸುಮಾರು 30 ಮಿಲಿಸೆಕೆಂಡು ಸಾಕು.

ಈ ಕ್ಷೇತ್ರ ದೂರ ಹೋದಂತೆ ಹೇಗೆ ಬತ್ತುತ್ತದೆ ಎಂಬುದನ್ನು ನಮ್ಮ ತಂತ್ರಜ್ಞಾನ ಬರಹಗಳು ಯಾಕೋ ಮುಟ್ಟುವುದೇ ಇಲ್ಲ. 10 ಸೆಂಟಿಮೀಟರ್ ತ್ರಿಜ್ಯದ ಸುರುಳಿಯಿರುವ ಕೈ ರೀಡರ್ ಒಂದನ್ನು ತೆಗೆದುಕೊಳ್ಳೋಣ. ಸುರುಳಿಯ ನಡುವಿನ ಕ್ಷೇತ್ರವನ್ನು 100 ಎಂದರೆ, ನೇರ ಮುಂದಕ್ಕೆ 10 ಸೆಂಟಿಮೀಟರಿನಲ್ಲಿ ಅದು 35, 20ರಲ್ಲಿ 9, 40ರಲ್ಲಿ ಒಂದೂವರೆಗೂ ಕಡಿಮೆ. 80ಕ್ಕೆ ಬಂದಾಗ ಒಂದರ ಐದನೇ ಒಂದು ಭಾಗವೂ ಉಳಿಯುವುದಿಲ್ಲ. ಸುರುಳಿಯ ಅಳತೆಯನ್ನು ದಾಟಿದ ಮೇಲೆ ದೂರ ಎರಡು ಪಟ್ಟಾದರೆ ಕ್ಷೇತ್ರ ಸುಮಾರು ಎಂಟರಲ್ಲೊಂದಾಗುತ್ತದೆ, ಇದು ಘನದ ಲೆಕ್ಕ. ಕ್ಷೇತ್ರ ಬಲಗೊಳ್ಳಬೇಕಾದರೆ ಸುರುಳಿಯ ವಿದ್ಯುತ್ ಹೆಚ್ಚಬೇಕು, ಅದಕ್ಕೆ ತಗಲುವ ಶಕ್ತಿ ವರ್ಗದ ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ 30 ಸೆಂಟಿಮೀಟರಿನಿಂದ ಓದುವ ಇದೇ ರೀಡರ್ 60ರಿಂದ ಓದಬೇಕೆಂದರೆ ಸುಮಾರು 50 ಪಟ್ಟು ಶಕ್ತಿ ಬೇಕು. 3 ಮೀಟರಿನಿಂದ ಓದಬೇಕೆಂದರೆ 7 ಲಕ್ಷ ಪಟ್ಟು. ಮೊದಲು ಒಂದು ವ್ಯಾಟ್ ಸಾಕಾಗಿದ್ದಲ್ಲಿ ಈಗ 700 ಕಿಲೋವ್ಯಾಟ್! ಕಾವಲಿನ ಅಂಚಿನಲ್ಲಿ ನಿಂತು ನಡುವೆ ಮೇಯುವ ಹೋರಿಯ ಸಂಖ್ಯೆ ಓದುವ ಮಾತನ್ನು ಇಲ್ಲಿಗೇ ಕೈಬಿಡಬಹುದು. ಓಲೆ ಎಚ್ಚೆತ್ತರೂ ಅದರ ಉತ್ತರ ಮರಳುವ ದಾರಿಯಲ್ಲಿ ಇದೇ ಘನದ ಕುಸಿತವನ್ನು ಇನ್ನೊಮ್ಮೆ ಕಾಣುತ್ತದೆ. ದೂರದ ಓದಿಗೆ ಎರಡೂ ಕಡೆ ಬಾಗಿಲು ಮುಚ್ಚಿದೆ.

ಇದಕ್ಕೆ ಎರಡು ತಕರಾರುಗಳು ಬರುತ್ತವೆ. ಫಾಸ್ಟ್ಯಾಗಿನಲ್ಲೂ ಬ್ಯಾಟರಿ ಇಲ್ಲ, ಅದು ಟೋಲ್ ಗೇಟಿನಲ್ಲಿ ಮೀಟರುಗಟ್ಟಲೆ ದೂರದಿಂದ ಓದಿಸಿಕೊಳ್ಳುತ್ತದಲ್ಲ ಎಂಬುದು ಒಂದು. ನಿಜ, ಆದರೆ ಅದರ ಜಾತಿ ಬೇರೆ. ಅದು ಕೆಲಸ ಮಾಡುವುದು 865 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಕಾಂತಕ್ಷೇತ್ರದಿಂದಲ್ಲ, ಹೊರಡುವ ರೇಡಿಯೋ ಅಲೆಯಿಂದ. ಅಲ್ಲಿ ಶಕ್ತಿ ಕುಸಿಯುವುದು ವರ್ಗದ ಲೆಕ್ಕದಲ್ಲಿ. ಕಾನೂನು ಒಪ್ಪುವ ನಾಲ್ಕು ವ್ಯಾಟಿನ ಆಸುಪಾಸಿನಲ್ಲಿ 10 ಮೀಟರಿನಾಚೆಯ ಟ್ಯಾಗಿಗೆ ಕೆಲವು ಹತ್ತು ಮೈಕ್ರೋವ್ಯಾಟ್ ತಲುಪುತ್ತದೆ, ಚಿಪ್ ಏಳಲು ಅದು ಸಾಕು. ಆದರೆ ಕಾರಿನ ಗಾಜು ಒಣ ವಸ್ತು, ದನದ ಕಿವಿ ನೀರು ತುಂಬಿದ ಮಾಂಸ. ನೀರು ಆ ಅಲೆಯನ್ನು ಹೀರುತ್ತದೆ, ಆಂಟೆನಾದ ಶ್ರುತಿಯನ್ನೂ ಕೆಡಿಸುತ್ತದೆ, ಪಕ್ಕದ ದನದ ಮೈ ಅಡ್ಡ ಬಂದರೆ ಓದು ನಿಂತೇಹೋಗುತ್ತದೆ. ಎಲ್ಲವೂ ಸರಿಯಿದ್ದರೂ 10 ಮೀಟರ್ ಎಂಬುದು ಕಾವಲಿನ ಅಳತೆಯಲ್ಲ. 134.2 ಕಿಲೋಹರ್ಟ್ಸಿನ ಕಾಂತಕ್ಷೇತ್ರ ಮಾತ್ರ ಮಾಂಸವನ್ನೂ ಕೆಸರನ್ನೂ ಲೆಕ್ಕಿಸದೆ ಹಾಯುತ್ತದೆ. ಜಾನುವಾರು ಓಲೆಗೆ ಅದನ್ನು ಆರಿಸಿಕೊಂಡದ್ದು ಅದಕ್ಕೇ. ಇನ್ನೊಂದು ತಕರಾರು, ಎನ್‌ಎಫ್‌ಸಿ ಇರುವ ಮೊಬೈಲು ಸಾಕು, ರೀಡರ್ ಯಾಕೆ ಎಂಬುದು. ಮೊಬೈಲಿನ ಎನ್‌ಎಫ್‌ಸಿ ಕೆಲಸ ಮಾಡುವುದು 13.56 ಮೆಗಾಹರ್ಟ್ಸಿನಲ್ಲಿ, ಅದರ ಶ್ರುತಿಗೆ ಈ ಓಲೆ ಕಿವುಡು. ಒಂದು ವೇಳೆ ಓಲೆಯನ್ನೇ ಬದಲಿಸಿದರೂ ಮೊಬೈಲು ಓದುವುದು ನಾಲ್ಕೈದು ಸೆಂಟಿಮೀಟರಿನಿಂದ. ಅಮೃತಮಹಲ್ ಹಸುವಿನ ಕೊಂಬಿನ ಪಕ್ಕಕ್ಕೆ ಮೊಬೈಲು ಹಿಡಿಯಿರಿ ಎಂದು ಸಲಹೆ ಕೊಡುವವರು ಆ ಕೊಂಬನ್ನು ನೋಡಿರಲಾರರು.

ಓದು ತಪ್ಪಿದಾಗಲೆಲ್ಲ ಓಲೆ ಕಳಪೆ ಎಂದು ಬರೆಯುವ ಇನ್ನೊಂದು ಬಗೆಯ ವಿಮರ್ಶಕರಿದ್ದಾರೆ. ಅವರ ಮೇಲೂ ನನಗೆ ಸಿಟ್ಟಿದೆ. ತಪ್ಪು ಬಹುಪಾಲು ರೊಪ್ಪದ ಓಣಿಯಲ್ಲಿರುತ್ತದೆ. ಓಲೆಯ ಸುರುಳಿ ರೀಡರಿನ ಕ್ಷೇತ್ರಕ್ಕೆ ಎದುರಾಗಿದ್ದಾಗ ಪೂರ್ತಿ ಶಕ್ತಿ ಸಿಗುತ್ತದೆ, 60 ಡಿಗ್ರಿ ಓರೆಯಾದರೆ ವೋಲ್ಟೇಜ್ ಅರ್ಧ, ಅಡ್ಡ ತಿರುಗಿದರೆ ಸೊನ್ನೆ. ತಲೆ ಕೊಡವುವ ದನಕ್ಕೆ ಇದು ಗಳಿಗೆ ಗಳಿಗೆಗೂ ಬದಲಾಗುತ್ತದೆ. ಪಕ್ಕದ ಕಬ್ಬಿಣದ ಕಂಬಿಯಲ್ಲಿ ಸುಳಿವಿದ್ಯುತ್ ಹುಟ್ಟಿ ಕ್ಷೇತ್ರವನ್ನು ತಿನ್ನುತ್ತದೆ. ಎರಡು ದನ ಒಟ್ಟಿಗೆ ನುಗ್ಗಿದರೆ ಎರಡು ಓಲೆಯ ಉತ್ತರಗಳು ಕಲಸಿಹೋಗುತ್ತವೆ, ಒಂದೊಂದಾಗಿ ಮಾತಾಡಿಸುವ ವ್ಯವಸ್ಥೆ ಈ ಮಾನದಂಡದಲ್ಲಿಲ್ಲ. ಕಾರಣ ಕಂಡುಹಿಡಿಯುವುದು ಕಷ್ಟವಲ್ಲ. ಕೈಯಲ್ಲಿ ಹಿಡಿದ ಬಿಡಿ ಓಲೆಯನ್ನು ರೀಡರಿನ ಮುಂದೆ ತಿರುಗಿಸಿ ನೋಡಿ. ಬಯಲಲ್ಲಿ ಓದಿ, ಕಂಬಿಯ ಬಳಿ ಓದದಿದ್ದರೆ ಕಂಬಿ ಕಾರಣ. ಎಲ್ಲೂ ಓದದಿದ್ದರೆ ಮಾತ್ರ ಓಲೆಯನ್ನು ದೂರಬೇಕು.

ಓಲೆಯ ನಿಜವಾದ ಸಾಮರ್ಥ್ಯ ಕಾಣುವುದೂ ಆ ಓಣಿಯಲ್ಲೇ. ಕೈ ರೀಡರಿನ ಬದಲು ದನ ಹಾಯುವ ಗೇಟಿನ ಪಕ್ಕಕ್ಕೆ ದೊಡ್ಡ ಸುರುಳಿಯ ಫಲಕ ನಿಲ್ಲಿಸಿದರೆ ಒಂದು ಮೀಟರಿನವರೆಗೆ ಓದು ಸಿಗುತ್ತದೆ, ಯಾಕೆಂದರೆ ಕ್ಷೇತ್ರ ಘನದ ಲೆಕ್ಕದಲ್ಲಿ ಕುಸಿಯತೊಡಗುವುದು ಸುರುಳಿಯ ಅಳತೆಯ ಆಚೆಗೆ. ದನ ಒಂದೊಂದಾಗಿ ಹಾಯುವಷ್ಟೇ ಅಗಲ ಇರಬೇಕು, ಫಲಕದ ಸುತ್ತ ಕಬ್ಬಿಣದ ಬದಲು ಮರದ ಕಂಬ ಇರಬೇಕು. ಸೆಕೆಂಡಿಗೆ 5 ಮೀಟರ್ ಓಡುವ ಹಸುವೂ ಆ ಒಂದು ಮೀಟರನ್ನು ದಾಟುವಷ್ಟರಲ್ಲಿ ಓಲೆ ಆರು ಬಾರಿ ತನ್ನ ಸಂಖ್ಯೆ ಹೇಳಿರುತ್ತದೆ. ಕೆಸರು ಮೆತ್ತಿ ಬಾರ್‌ಕೋಡ್ ಮುಚ್ಚಿಹೋದ ದನವನ್ನೂ ಹೀಗೆ ಯಾರೂ ಕೈ ಹಾಕದೆ ಲಸಿಕೆಯ ಲೆಕ್ಕಕ್ಕೂ ತಳಿಯ ದಾಖಲೆಗೂ ಸೇರಿಸಬಹುದು. ಮುಟ್ಟಗೊಡದ ತಳಿಗೆ ಇದು ಸಣ್ಣ ಉಪಕಾರವಲ್ಲ. ಕಳೆದ ದನವನ್ನು ಹುಡುಕಲು ಬ್ಯಾಟರಿಯ ಜಿಪಿಎಸ್ ಕಾಲರ್ ಬೇಕು, ಇಲ್ಲವೇ ಕಾವಲುಗಾರ ಬೇಕು. ಚಿಪ್ ಓಲೆಗೆ ದುಡ್ಡು ಸುರಿಯುವ ಇಲಾಖೆ ಮೊದಲು ಗೇಟು ಮತ್ತು ಓಣಿಯನ್ನು ಕಟ್ಟಿಸಲಿ. ಅವಿಲ್ಲದ ಕಾವಲಿಗೆ ಚಿಪ್ ಓಲೆ ದುಬಾರಿ, ಹಳದಿ ಓಲೆಯೇ ಸಾಕು.